ಜಾವಾದ ಸಕ್ಕರೆ, ಕೊಯಮತ್ತೂರಿನ ಕಬ್ಬು: ಶಿಶು ಕೈಗಾರಿಕೆಯ ಲೆಕ್ಕ

(ದಾವಣಗೆರೆಯಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳು, ವರ್ತಕರು ಮತ್ತು ಬೆಳೆಗಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಆಮದು ಸುಂಕ ಅಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಮಾತು ಅಡಿಕೆಗೆ ಹೋಗುತ್ತದೆ. ಚನ್ನಗಿರಿ ಕಡೆಯವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಹಾಗಾಗಿ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಡಿಕೆಗೆ ಇವತ್ತು ಶೇ. 100 ಸುಂಕವಿದೆ. 2023ರಿಂದ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆಯೂ ಇದೆ. ಇದು ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಆದರೆ ಇದು ಶಿಶು ಕೈಗಾರಿಕೆಯ ವಾದವಲ್ಲ. ಅಡಿಕೆ ಬೆಳೆಗಾರ ಹೊಸದಾಗಿ ಏನನ್ನೋ ಕಲಿಯುತ್ತಿದ್ದಾನೆ, ಹತ್ತು ವರ್ಷ ಬಿಟ್ಟರೆ ಅವನ ಖರ್ಚು ಇಳಿಯುತ್ತದೆ, ಆಮೇಲೆ ಸುಂಕ ತೆಗೆಯೋಣ ಎಂದು ಯಾರೂ ಹೇಳುತ್ತಿಲ್ಲ. ಬೆಳೆದು ನಿಂತವನನ್ನು ಬೆಲೆ ಕುಸಿತದಿಂದ ಕಾಪಾಡುವುದು ಒಂದು. ಎಳೆಯದನ್ನು ಬೆಳೆಯುವ ತನಕ ಸಾಕುವುದು ಇನ್ನೊಂದು. ನಾನು ಮಾತಾಡಲು ಬಂದಿರುವುದು ಎರಡನೆಯದರ ಬಗ್ಗೆ.

ವಾದ ಸರಳ. ಹೊರದೇಶದವನು ಐವತ್ತು ವರ್ಷದಿಂದ ಒಂದು ಸರಕು ತಯಾರಿಸುತ್ತಿದ್ದಾನೆ. ಅವನ ಕೆಲಸಗಾರರ ಕೈ ಪಳಗಿದೆ, ಯಂತ್ರ ಹದಕ್ಕೆ ಬಂದಿದೆ. ನಾವು ಇವತ್ತು ಶುರು ಮಾಡಿದರೆ ನಮ್ಮ ಖರ್ಚು ಅವನಿಗಿಂತ ಹೆಚ್ಚು. ಮಾಡುತ್ತಾ ಮಾಡುತ್ತಾ ಕಲಿಯುತ್ತೇವೆ, ಆದರೆ ಕಲಿಯುವ ಮೊದಲೇ ಅವನ ಅಗ್ಗದ ಸರಕು ನಮ್ಮನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಸ್ವಲ್ಪ ಕಾಲ ಬಾಗಿಲು ಹಾಕಿ ಎನ್ನುತ್ತದೆ ವಾದ. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ ಇದನ್ನು ಹೇಳಿದ. ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಇದಕ್ಕೊಂದು ಪೂರ್ಣ ಸಿದ್ಧಾಂತ ಕಟ್ಟಿದ. ಲಿಸ್ಟ್‌ನನ್ನು ಓದಿಕೊಂಡ ನ್ಯಾಯಮೂರ್ತಿ ರಾನಡೆ 1892ರಲ್ಲಿ ಪುಣೆಯಲ್ಲಿ ಅದೇ ಮಾತನ್ನು ಭಾರತದ ಪರವಾಗಿ ಆಡಿದರು.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ತಿರುವಿದೆ. ಮಗು ಬೆಳೆದು ತನ್ನ ಕಾಲ ಮೇಲೆ ನಿಂತಿತು ಎಂದರೆ ವಾದ ಗೆದ್ದಿತು ಎಂದಲ್ಲ. ಸಾಕಿದ ಖರ್ಚನ್ನೂ ಅದು ಬಡ್ಡಿ ಸಮೇತ ತೀರಿಸಬೇಕು. ಸುಂಕ ಇಳಿದ ಮೇಲೆ ಉದ್ಯಮ ಬದುಕಬೇಕು ಎಂಬುದು ಜಾನ್ ಸ್ಟುವರ್ಟ್ ಮಿಲ್ ಇಟ್ಟ ಷರತ್ತು. ಮುಂದಿನ ಲಾಭ ಹಿಂದಿನ ನಷ್ಟವನ್ನು ಮೀರಬೇಕು ಎಂಬುದು ಬ್ಯಾಸ್ಟೆಬಲ್ ಎಂಬ ಅರ್ಥಶಾಸ್ತ್ರಜ್ಞ ಸೇರಿಸಿದ ಷರತ್ತು. ಎರಡನೆಯದು ಎಷ್ಟು ಕಠಿಣ ಅನ್ನುವುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ.

ಹೊರಗಿನಿಂದ ಬರುವ ಒಂದು ಮೂಟೆ ಸರಕಿಗೆ 100 ರೂಪಾಯಿ ಅಂದುಕೊಳ್ಳಿ. ನಮ್ಮ ಕಾರ್ಖಾನೆಗೆ ಮೊದಲ ವರ್ಷ 130 ರೂಪಾಯಿ ಬೀಳುತ್ತದೆ. ವರ್ಷಕ್ಕೆ 5 ರೂಪಾಯಿಯಂತೆ ಖರ್ಚು ಇಳಿಯುತ್ತಾ ಏಳನೇ ವರ್ಷ 100ಕ್ಕೆ ಬಂತು, ಎಂಟನೇ ವರ್ಷ 95 ಆಯಿತು, ಅಲ್ಲಿಗೆ ನಿಂತಿತು. ಹೊರಗಿನವನನ್ನು ಮೀರಿಸಿದ್ದೇವೆ, ಸುಂಕವೂ ಬೇಕಿಲ್ಲ. ಪತ್ರಿಕೆಗಳು ಇದನ್ನು ಯಶೋಗಾಥೆ ಎಂದೇ ಬರೆಯುತ್ತವೆ. ಈಗ ಖಾತೆ ತೆಗೆಯಿರಿ. ಮೊದಲ ಆರು ವರ್ಷ ಕೊಳ್ಳುವವನು ಮೂಟೆಗೆ 30, 25, 20, 15, 10, 5 ಎಂದು ಹೆಚ್ಚು ತೆತ್ತಿದ್ದಾನೆ. ಶೇ. 8 ಬಡ್ಡಿ ಹಿಡಿದು ಇವತ್ತಿನ ಬೆಲೆಗೆ ತಂದರೆ ಅದು ಸುಮಾರು 86 ರೂಪಾಯಿ. ಎಂಟನೇ ವರ್ಷದಿಂದ ಕೊನೆಯಿಲ್ಲದ ಕಾಲದವರೆಗೆ ಮೂಟೆಗೆ 5 ರೂಪಾಯಿ ಉಳಿತಾಯವಿದೆ, ನಿಜ. ಅದನ್ನೂ ಇವತ್ತಿನ ಬೆಲೆಗೆ ತಂದರೆ ಸಿಗುವುದು 36 ರೂಪಾಯಿ ಐವತ್ತು ಪೈಸೆ. ಮಗು ಬೆಳೆಯಿತು, ಓಡಿತು, ಗೆದ್ದಿತು. ಸಾಕಿದ ಸಾಲ ಮಾತ್ರ ತೀರಲಿಲ್ಲ.

ಖರ್ಚು 95ಕ್ಕೆ ನಿಲ್ಲದೆ ಅದೇ ವೇಗದಲ್ಲಿ ಇನ್ನೆರಡು ವರ್ಷ ಇಳಿದು 85ಕ್ಕೆ ಬಂದು ನಿಂತಿತು ಅನ್ನಿ. ಆಗ ಬರುವ ಲಾಭದ ಇವತ್ತಿನ ಬೆಲೆ ಸುಮಾರು 101 ರೂಪಾಯಿ. ಈಗ ಲೆಕ್ಕ ಗೆಲ್ಲುತ್ತದೆ. ಅಂದರೆ ಎಲ್ಲವೂ ನಿಂತಿರುವುದು ಕೊನೆಯ ಆ ಹತ್ತು ರೂಪಾಯಿ ಕಲಿಕೆಯ ಮೇಲೆ. ಅದು ಆಗುತ್ತದೋ ಇಲ್ಲವೋ ಎಂದು ಮೊದಲ ವರ್ಷ ಕೂತು ಹೇಳಬೇಕಾದವನು ಸರ್ಕಾರದ ಅಧಿಕಾರಿ. ಹೊರಗಿನವನು ಈ ಹತ್ತು ವರ್ಷ 100ರಲ್ಲೇ ನಿಂತಿರುತ್ತಾನೆ ಎಂದು ನಾನು ಸುಮ್ಮನೆ ಹಿಡಿದುಬಿಟ್ಟೆ, ಗಮನಿಸಿದಿರಾ? ಅವನೂ ಕಲಿಯುತ್ತಿರುತ್ತಾನೆ.

ಇನ್ನು ಕಾಲ್ಪನಿಕ ಮೂಟೆ ಬಿಟ್ಟು ನಿಜವಾದ ಮೂಟೆಗೆ ಬರೋಣ. ಭದ್ರಾ ನಾಲೆಯ ಕೆಳಗೆ ಕಬ್ಬು ಕಂಡ ಊರಿದು, ಹಾಗಾಗಿ ಸಕ್ಕರೆಯನ್ನೇ ಹಿಡಿಯುತ್ತೇನೆ.

1920ರ ದಶಕದಲ್ಲಿ ಭಾರತ ಬೆಲ್ಲ ಮಾಡುತ್ತಿತ್ತು, ಸಕ್ಕರೆ ತರಿಸುತ್ತಿತ್ತು. ಬರುತ್ತಿದ್ದದ್ದು ಮುಖ್ಯವಾಗಿ ಡಚ್ಚರ ಜಾವಾದಿಂದ, ಆ ದಶಕದ ಕೊನೆಗೆ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಟನ್. ಇಲ್ಲಿ ಕಬ್ಬಿನಿಂದ ನೇರವಾಗಿ ಸಕ್ಕರೆ ತೆಗೆಯುವ ಕಾರ್ಖಾನೆಗಳು ಇದ್ದದ್ದು ಸುಮಾರು ಮೂವತ್ತು. ಆಗಿನ ಸರ್ಕಾರದ ನೀತಿಯ ಹೆಸರು ವಿವೇಚನಾತ್ಮಕ ಸಂರಕ್ಷಣೆ. ಇಬ್ರಾಹಿಂ ರಹಿಮ್ತುಲ್ಲಾ ಅಧ್ಯಕ್ಷತೆಯ ಹಣಕಾಸು ಆಯೋಗ ಹೇಳಿದ್ದನ್ನು 1923ರಲ್ಲಿ ಒಪ್ಪಿಕೊಳ್ಳಲಾಗಿತ್ತು. ಸುಂಕ ಬೇಕೆನ್ನುವ ಉದ್ಯಮ ಮೂರು ಬಾಗಿಲು ದಾಟಬೇಕು. ಅದಕ್ಕೆ ಕಚ್ಚಾ ಮಾಲು, ಕೂಲಿ, ಮಾರುಕಟ್ಟೆಯ ಸಹಜ ಅನುಕೂಲ ಇರಬೇಕು. ಸಂರಕ್ಷಣೆ ಇಲ್ಲದೆ ಅದು ಬೆಳೆಯಲಾರದು ಎಂದು ಕಾಣಬೇಕು. ಮುಂದೊಂದು ದಿನ ಸಂರಕ್ಷಣೆ ಇಲ್ಲದೆ ಜಗತ್ತನ್ನು ಎದುರಿಸುವಂತಾಗಬೇಕು. ಮೂರನೆಯದು ಮಿಲ್‌ನ ಷರತ್ತೇ. ಬ್ಯಾಸ್ಟೆಬಲ್‌ನದು ಮಾತ್ರ ಕಾಣುವುದಿಲ್ಲ. ಸಾಕಿದ ಖರ್ಚು ತೀರುತ್ತದೆಯೇ ಎಂದು ಆ ಪಟ್ಟಿ ಕೇಳುವುದೇ ಇಲ್ಲ.

ಸುಂಕ ಮಂಡಳಿ ಎಷ್ಟು ಸುಂಕ ಬೇಕೆಂದು ಗೊತ್ತುಮಾಡುತ್ತಿದ್ದ ಕ್ರಮ ಹೀಗಿತ್ತು. ಒಳ್ಳೆಯ ರೀತಿ ನಡೆಯುವ ದೇಶೀ ಕಾರ್ಖಾನೆಯೊಂದರ ಕಬ್ಬಿನ ಖರ್ಚು, ಅರೆಯುವ-ಕುದಿಸುವ ಖರ್ಚು, ಸವಕಳಿ, ಬಂಡವಾಳಕ್ಕೆ ತಕ್ಕ ಪ್ರತಿಫಲ ಎಲ್ಲ ಕೂಡಿಸಿ ನ್ಯಾಯವಾದ ಮಾರಾಟ ಬೆಲೆ ಎಂಬ ಒಂದು ಅಂಕಿ ತೆಗೆಯುವುದು. ಅದರಿಂದ ಜಾವಾ ಸಕ್ಕರೆ ಸುಂಕವಿಲ್ಲದೆ ಬಂದರಿನಲ್ಲಿ ಇಳಿಯುವ ಬೆಲೆ ಕಳೆಯುವುದು. ಉಳಿದದ್ದೇ ಸುಂಕ. ಕ್ರಮ ನೋಡಲು ಅಚ್ಚುಕಟ್ಟು, ಆದರೆ ಎರಡು ತುದಿಯೂ ಸಡಿಲ. ಮೇಲಿನ ಅಂಕಿ ಸುಂಕ ಬೇಡುತ್ತಿರುವ ಕಾರ್ಖಾನೆಗಳೇ ಕೊಟ್ಟ ಲೆಕ್ಕದಿಂದ ಬರುತ್ತದೆ. ಕೆಳಗಿನ ಅಂಕಿ ಇವತ್ತಿನದು, ನಾಳೆ ಬೆಲೆ ಕುಸಿದರೆ ಲೆಕ್ಕ ತಲೆಕೆಳಗು. ಆಗ ಮಹಾ ಆರ್ಥಿಕ ಕುಸಿತದ ಕಾಲ, ಜಾವಾ ಸಕ್ಕರೆಯ ಬೆಲೆ ಕುಸಿಯುತ್ತಲೇ ಇತ್ತು.

1932ರಲ್ಲಿ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆ ಬಂತು. ಸಂರಕ್ಷಣೆ 1946ರವರೆಗೆ. ಮೊದಲ ಕಂತಿಗೆ ಸುಂಕ ಹಂಡ್ರೆಡ್‌ವೇಟ್‌ಗೆ, ಅಂದರೆ ಸುಮಾರು 51 ಕಿಲೋಗೆ, 7 ರೂಪಾಯಿ 4 ಆಣೆ. ಇಲ್ಲೇ ಒಂದು ಎಡವಟ್ಟಾಯಿತು. ಖಜಾನೆ ಬರಿದಾಗಿದೆ ಎಂದು ಸರ್ಕಾರ ಆಮದು ಸುಂಕಗಳ ಮೇಲೆ ಕಾಲು ಭಾಗ ಸರ್‌ಚಾರ್ಜ್ ಹೇರಿತ್ತು. ಸಕ್ಕರೆಗೆ ಅದು 1 ರೂಪಾಯಿ 13 ಆಣೆ. ಒಟ್ಟು ಸುಂಕ 9 ರೂಪಾಯಿ 1 ಆಣೆಗೆ ಏರಿತು. ಮಂಡಳಿ ಅಳೆದು ತೂಗಿ ಹೇಳಿದ ಸಂರಕ್ಷಣೆಗಿಂತ ಕಾಲು ಭಾಗ ಹೆಚ್ಚು ಸಿಕ್ಕಿದ್ದಕ್ಕೆ ಕೈಗಾರಿಕೆಯ ಅಗತ್ಯ ಕಾರಣವಲ್ಲ, ಬಜೆಟ್ಟಿನ ಕೊರತೆ ಕಾರಣ.

ಹಣ ಇದ್ದವರು ಸಕ್ಕರೆಗೆ ಮುಗಿಬಿದ್ದರು. ಐದೇ ವರ್ಷದಲ್ಲಿ ಕಾರ್ಖಾನೆಗಳ ಸಂಖ್ಯೆ 130 ದಾಟಿತು. ಉತ್ಪಾದನೆ 10 ಲಕ್ಷ ಟನ್ ಮೀರಿತು. 1936-37ರ ಹೊತ್ತಿಗೆ ಜಾವಾ ಸಕ್ಕರೆ ಹೆಚ್ಚುಕಡಿಮೆ ನಿಂತೇಹೋಯಿತು. ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಹುಟ್ಟಿದ್ದು ಇದೇ ಅಲೆಯಲ್ಲಿ, ಕನ್ನಂಬಾಡಿಯ ನಾಲೆಯ ನೀರಿಗೆ ಕಬ್ಬು ಬಂದಾಗ. ಶಿಶು ಕೈಗಾರಿಕೆಯ ಪರ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿ ಸಿಗುವುದು ಕಷ್ಟ. ಟೀಕಾಕಾರರೂ ಇದೇ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ಅವರ ಪ್ರಶ್ನೆ ಒಂದೇ: ಕಾರ್ಖಾನೆ ಬಂತು ಸರಿ, ಕಲಿತದ್ದು ಏನು, ಕಲಿಸಿದ್ದು ಯಾರು?

ಇದಕ್ಕೆ ಉತ್ತರ ಬೇಕಾದರೆ ಕಾರ್ಖಾನೆಯ ಒಳಗೆ ಹೋಗಬೇಕು. ಕಬ್ಬು ಅರೆದು ರಸ ತೆಗೆಯುತ್ತಾರೆ. ಸುಣ್ಣ ಮತ್ತು ಗಂಧಕದ ಹೊಗೆ ಕೊಟ್ಟು ರಸವನ್ನು ತಿಳಿಗೊಳಿಸುತ್ತಾರೆ. ಒಂದರ ಹಬೆ ಇನ್ನೊಂದನ್ನು ಕಾಯಿಸುವ ಪಾತ್ರೆಗಳ ಸಾಲಿನಲ್ಲಿ ನೀರು ಹಾರಿಸಿ ಗಟ್ಟಿ ಪಾಕ ಮಾಡುತ್ತಾರೆ. ಆ ಪಾಕ ವ್ಯಾಕ್ಯೂಮ್ ಪ್ಯಾನ್ ಎಂಬ ಮುಚ್ಚಿದ ದೊಡ್ಡ ಪಾತ್ರೆಗೆ ಹೋಗುತ್ತದೆ. ಒಳಗಿನ ಗಾಳಿ ಎಳೆದಿರುವುದರಿಂದ ಪಾಕ ಕಡಿಮೆ ಶಾಖಕ್ಕೇ ಕುದಿಯುತ್ತದೆ, ಸೀಯುವುದಿಲ್ಲ. ಆಲೆಮನೆಯ ತೆರೆದ ಕೊಪ್ಪರಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಈ ಪ್ಯಾನಿನ ಮುಂದೆ ನಿಲ್ಲುವವನು ಪ್ಯಾನ್‌ಮ್ಯಾನ್. ಆಗಾಗ ಒಂದಿಷ್ಟು ಪಾಕ ಹೊರತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತಾನೆ, ಗಾಜಿನ ಮೇಲೆ ಸವರಿ ಬೆಳಕಿಗೆ ಹಿಡಿಯುತ್ತಾನೆ. ಹರಳು ಕಟ್ಟುವ ಕ್ಷಣ ಗೊತ್ತಾಗಬೇಕು. ಬೇಗ ಪಾಕ ಬಿಟ್ಟರೆ ಇದ್ದ ಹರಳು ಕರಗುತ್ತದೆ. ತಡ ಮಾಡಿದರೆ ನಡುವೆ ಸಣ್ಣ ಪುಡಿ ಹರಳು ಹೊಸದಾಗಿ ಹುಟ್ಟಿ, ಮುಂದೆ ತಿರುಗುವ ಜಾಲರಿ ಬುಟ್ಟಿಯಲ್ಲಿ ಕಾಕಂಬಿ ಸರಿಯಾಗಿ ಇಳಿಯದೆ ಸಕ್ಕರೆ ಮಂಕಾಗುತ್ತದೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಹಂಗಾಮಿನ ಮೇಲೆ ಹಂಗಾಮು ನಿಂತು ಕಲಿಯುವಂಥದ್ದು. ಲಿಸ್ಟ್ ಹೇಳಿದ್ದು ಇಂಥ ಕಲಿಕೆಯನ್ನೇ.

ಆದರೆ ಟೀಕಾಕಾರರ ಅತಿ ಹರಿತವಾದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಅಮೆರಿಕದ ರಾಬರ್ಟ್ ಬಾಲ್ಡ್‌ವಿನ್ 1969ರಲ್ಲಿ ಇದನ್ನು ಬಿಡಿಸಿಟ್ಟರು. ಕಲಿಕೆಯ ಲಾಭ ಕಾರ್ಖಾನೆಯಲ್ಲೇ ಉಳಿಯುತ್ತದೆ ಅಂದರೆ ಮೊದಲ ವರ್ಷಗಳ ನಷ್ಟವನ್ನು ಮಾಲೀಕ ಸಾಲ ಮಾಡಿ ತಡೆದುಕೊಳ್ಳಬಹುದು, ಅದು ಬೇರೆಲ್ಲ ವ್ಯಾಪಾರದ ಹಾಗೆ ಒಂದು ಬಂಡವಾಳ. ಸುಂಕ ಏಕೆ? ಲಾಭ ಕಾರ್ಖಾನೆಯಲ್ಲಿ ಉಳಿಯುವುದಿಲ್ಲ, ಪಳಗಿದ ಪ್ಯಾನ್‌ಮ್ಯಾನ್ ನಾಳೆ ಐದು ರೂಪಾಯಿ ಹೆಚ್ಚು ಕೊಟ್ಟ ಪಕ್ಕದ ಕಾರ್ಖಾನೆಗೆ ಹೋಗುತ್ತಾನೆ ಅಂದರೆ, ಸಮಸ್ಯೆ ನಿಜ. ಆದರೆ ಸುಂಕ ಆ ಸಮಸ್ಯೆಯನ್ನು ಮುಟ್ಟುವುದೇ ಇಲ್ಲ. ಸುಂಕ ಸಕ್ಕರೆಯ ಬೆಲೆ ಏರಿಸುತ್ತದೆ. ಕಲಿಸಿದವನಿಗೂ ಕಲಿತವನನ್ನು ಎಳೆದುಕೊಂಡವನಿಗೂ ಅದೇ ಬೆಲೆ ಸಿಗುತ್ತದೆ. ಹಾಗಿದ್ದಮೇಲೆ ಯಾರು ಖರ್ಚು ಮಾಡಿ ಕಲಿಸುತ್ತಾರೆ? ಸುಂಕ ಹೆಚ್ಚಿದಷ್ಟೂ ಎಳೆದುಕೊಳ್ಳುವವರೂ ಹೆಚ್ಚುತ್ತಾರೆ. ಇದಕ್ಕೆ ಮದ್ದು ಕಲಿಕೆಗೇ ನೇರವಾಗಿ ದುಡ್ಡು ಹಾಕುವುದು: ತರಬೇತಿ, ಪ್ರಯೋಗಾಲಯ, ಹೊಸ ತಳಿ. ಸಕ್ಕರೆ ತಂತ್ರಜ್ಞಾನ ಕಲಿಸಲೆಂದೇ ಕಾನ್ಪುರದಲ್ಲಿ ಸರ್ಕಾರಿ ಸಂಸ್ಥೆ ತೆರೆದದ್ದು 1936ರಲ್ಲಿ, ಸುಂಕ ಬಂದು ನಾಲ್ಕು ವರ್ಷ ಕಳೆದ ಮೇಲೆ, ಕಾರ್ಖಾನೆಗಳು ನೂರು ದಾಟಿದ ಮೇಲೆ.

ತಳಿಯ ಕತೆ ಇನ್ನೂ ಸ್ವಾರಸ್ಯ. ಜಾವಾ ಗೆದ್ದದ್ದು ಪ್ಯಾನಿನ ಮುಂದಲ್ಲ, ಹೊಲದಲ್ಲಿ. ಅಲ್ಲಿನ ಸಂಶೋಧನಾ ಕೇಂದ್ರ ಬೆಳೆಸಿದ ಪಿಒಜೆ 2878 ಎಂಬ ತಳಿ 1920ರ ದಶಕ ಮುಗಿಯುವ ಹೊತ್ತಿಗೆ ಆ ದ್ವೀಪದ ಕಬ್ಬಿನ ನೆಲವನ್ನೆಲ್ಲ ಹೆಚ್ಚುಕಡಿಮೆ ಆವರಿಸಿತ್ತು. ಎಕರೆಗೆ ನಮ್ಮಲ್ಲಿ ಬರುತ್ತಿದ್ದಕ್ಕಿಂತ ಹಲವು ಪಟ್ಟು ಸಕ್ಕರೆ ಅಲ್ಲಿ ಬರುತ್ತಿತ್ತು. ಹೊರಗಿನವನೂ ಕಲಿಯುತ್ತಿರುತ್ತಾನೆ ಎಂದೆನಲ್ಲ, ಅದು ಇದೇ. ನಮ್ಮಲ್ಲಿ ಆ ಕೆಲಸ ನಡೆದದ್ದು ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ. ಅದು ಶುರುವಾದದ್ದು 1912ರಲ್ಲಿ, ಸಂರಕ್ಷಣಾ ಕಾಯ್ದೆಗೆ ಇಪ್ಪತ್ತು ವರ್ಷ ಮೊದಲು. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅಲ್ಲಿ ನಾಟಿ ಕಬ್ಬಿಗೆ ಹೊಳೆದಂಡೆಯ ಕಾಡು ಹುಲ್ಲಿನ ಜಾತಿಯ ಕಬ್ಬನ್ನು ಸೇರಿಸಿ 1918ರಲ್ಲಿ ಕೋ 205 ತಂದರು. ಉತ್ತರ ಭಾರತದ ಚಳಿ, ಬರ ತಡೆಯುವ ಕಬ್ಬು ಅದು. ಕೋ ತಳಿಗಳು ಹರಡಿ ಕಬ್ಬು ಹೆಚ್ಚಾಗಿದ್ದರಿಂದಲೇ 1932ರ ಸುಂಕಕ್ಕೆ ಅರೆಯಲು ಏನಾದರೂ ಸಿಕ್ಕಿತು.

ಮುಂದೆ ದಕ್ಷಿಣದಲ್ಲಿ, ನಮ್ಮ ಮೈಸೂರು ಸೀಮೆಯಲ್ಲೂ, ಬಹುಕಾಲ ಆಳಿದ ಕೋ 419 ತಳಿಯ ತಾಯಿ ಯಾವುದು ಗೊತ್ತೇ? ಅದೇ ಜಾವಾದ ಪಿಒಜೆ 2878. ಕೊಯಮತ್ತೂರಿನ ಕೋ 290 ಜೊತೆ ಅದನ್ನು ಕೂಡಿಸಿದ್ದರು. ಜಾವಾದ ಸಕ್ಕರೆಗೆ ಬಂದರಿನಲ್ಲಿ ಬಾಗಿಲು ಹಾಕಿದ್ದೆವು, ಜಾವಾದ ಕಬ್ಬಿಗೆ ತೆರೆದಿದ್ದೆವು. ಎಕರೆಯ ಇಳುವರಿ ಏರಿಸಿದ್ದು ತೆರೆದ ಬಾಗಿಲು.

ಹಾಗಾದರೆ ಸುಂಕ ಮಾಡಿದ್ದೇನೂ ಇಲ್ಲವೇ? ಅಷ್ಟು ದೂರ ನಾನು ಹೋಗುವುದಿಲ್ಲ. ಒಳ್ಳೆಯ ಕಬ್ಬು ಇದ್ದರೂ ಅರೆಯುವ ಕಾರ್ಖಾನೆ ಇಲ್ಲದಿದ್ದರೆ ಅದು ಬೆಲ್ಲವಾಗುತ್ತಿತ್ತು, ಅಷ್ಟೆ. ಆರ್ಥಿಕ ಕುಸಿತದ ನಡುವೆ ಬ್ಯಾಂಕು ಸಾಲ ಕೊಡುವ ಸ್ಥಿತಿಯೂ ಇರಲಿಲ್ಲ. ಮಾಲೀಕ ಸಾಲ ಮಾಡಿ ನಷ್ಟ ತಡೆದುಕೊಳ್ಳಲಿ ಎಂಬ ಬಾಲ್ಡ್‌ವಿನ್‌ರ ಮಾತು ಸಾಲ ಸಿಗುವ ದೇಶಕ್ಕೆ ಹೊಂದುತ್ತದೆ. ಆದರೆ ಒಂದೇ ದರದ ಸುಂಕ ಎಂಥ ಕಾರ್ಖಾನೆಗಳನ್ನು ಎಬ್ಬಿಸಿತು ನೋಡಿ. ಬಹುಪಾಲು ಹೋದದ್ದು ಸಂಯುಕ್ತ ಪ್ರಾಂತ್ಯ ಮತ್ತು ಬಿಹಾರಕ್ಕೆ. ಅಲ್ಲಿ ಚಳಿಗಾಲ ಬಂದರೆ ಕಬ್ಬು ಬೆಳೆಯುವುದು ನಿಲ್ಲುತ್ತದೆ, ಅರೆಯುವ ಹಂಗಾಮು ನಾಲ್ಕೈದು ತಿಂಗಳು, ಎಕರೆ ಇಳುವರಿ ದಕ್ಷಿಣಕ್ಕಿಂತ ಕಡಿಮೆ. ರೈತರು ಚದುರಿ ಬೆಳೆದ ಕಬ್ಬು ಗಾಡಿಯಲ್ಲಿ ದೂರದಿಂದ ಬರಬೇಕು. ಕಡಿದ ಕಬ್ಬು ಒಂದು ದಿನ ದಾಟಿದರೆ ಅದರೊಳಗಿನ ಸಕ್ಕರೆ ಹರಳು ಕಟ್ಟದ ಬೇರೆ ಸಕ್ಕರೆಯಾಗಿ ಒಡೆಯತೊಡಗುತ್ತದೆ, ತೂಕವೂ ಇಳಿಯುತ್ತದೆ. ಸುಂಕ ಇಷ್ಟು ಎತ್ತರ ಇದ್ದಾಗ ಇಂಥ ಕಾರ್ಖಾನೆಗೂ ಲಾಭ. ಚೆನ್ನಾಗಿ ನಡೆಸುವವನಿಗೆ ಅದೇ ಸುಂಕ ಇನಾಮು. ಒಂದು ಗೋಡೆ, ಹಿಂದೆ ಇಬ್ಬರೂ ಬೆಚ್ಚಗೆ.

ಇದಕ್ಕೆ ಬದಲು ಖಜಾನೆಯಿಂದ ನೇರ ಸಹಾಯಧನ ಕೊಟ್ಟಿದ್ದರೆ? ಮಿಲ್ ಕೂಡ ಕೊನೆಗಾಲಕ್ಕೆ ಅದೇ ಮೇಲು ಎಂದ. 1924ರಲ್ಲಿ ಉಕ್ಕಿಗೆ ಸುಂಕದ ಜೊತೆ ರೈಲು ಹಳಿಗಳಿಗೆ ಸಹಾಯಧನವನ್ನೂ ಕೊಟ್ಟಿದ್ದರು. ಸಹಾಯಧನ ಪ್ರತಿ ವರ್ಷ ಬಜೆಟ್ಟಿನಲ್ಲಿ ಕಾಣುತ್ತದೆ, ಕೇಳುವವರು ಕೇಳುತ್ತಾರೆ. ಸುಂಕವನ್ನು ಕೊಳ್ಳುವವನು ಕಿಲೋಗೆ ಇಷ್ಟು ಎಂದು ಅಂಗಡಿಯಲ್ಲಿ ತೆರುತ್ತಾನೆ, ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಬಡ ಸರ್ಕಾರಕ್ಕೆ ಸುಂಕ ರುಚಿಸುವುದು ಇದಕ್ಕೇ, ಮೊದಮೊದಲು ಆದಾಯವೂ ಬರುತ್ತದೆ. ಆದರೆ ಸಂರಕ್ಷಣೆ ಗೆದ್ದಷ್ಟೂ ಆಮದು ಇಳಿದು ಆದಾಯ ಒಣಗುತ್ತದೆ. ಸಕ್ಕರೆಯಲ್ಲಿ ಎರಡೇ ವರ್ಷಕ್ಕೆ ಅದು ತಟ್ಟಿತು. 1934ರಲ್ಲಿ ಸರ್ಕಾರ ದೇಶೀ ಸಕ್ಕರೆಯ ಮೇಲೆ 1 ರೂಪಾಯಿ 5 ಆಣೆ ಅಬಕಾರಿ ಸುಂಕ ಹಾಕಿತು. ಆಮದಿನ 9 ರೂಪಾಯಿ 1 ಆಣೆಯಿಂದ ಇದನ್ನು ಕಳೆದರೆ ನಿಜವಾದ ಸಂರಕ್ಷಣೆ 7 ರೂಪಾಯಿ 12 ಆಣೆ. 1937ರಲ್ಲಿ ಅಬಕಾರಿಯನ್ನು 2 ರೂಪಾಯಿಗೆ, ಆಮದು ಸುಂಕವನ್ನು 9 ರೂಪಾಯಿ 4 ಆಣೆಗೆ ಏರಿಸಿದರು. ವ್ಯತ್ಯಾಸ ಕೊನೆಗೂ ಮಂಡಳಿ ಹೇಳಿದ 7 ರೂಪಾಯಿ 4 ಆಣೆಗೆ ಬಂತು. ಅಷ್ಟರಲ್ಲಿ ದೇಶಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಾರ್ಖಾನೆ ಎದ್ದಾಗಿತ್ತು. ಅದೇ ವರ್ಷ ಕಾರ್ಖಾನೆಯವರು ಸಿಂಡಿಕೇಟ್ ಕಟ್ಟಿಕೊಂಡು ಬೆಲೆ ಬೀಳದಂತೆ ಹಿಡಿಯತೊಡಗಿದರು.

ಗಡುವಿನ ಬಗ್ಗೆ ಒಂದು ಹೋಲಿಕೆ. ಅಮೆರಿಕದವರು 1890ರಲ್ಲಿ ತವರ ಬಳಿದ ತಗಡಿಗೆ, ಡಬ್ಬಿ ಮಾಡುವ ತಗಡು, ಸುಂಕವನ್ನು ಪೌಂಡಿಗೆ 1 ಸೆಂಟ್‌ನಿಂದ 2.2 ಸೆಂಟ್‌ಗೆ ಏರಿಸಿದರು. ಕಾನೂನಿನಲ್ಲೇ ಒಂದು ಷರತ್ತು ಬರೆದರು: 1897ರೊಳಗೆ ದೇಶೀ ಉತ್ಪಾದನೆ ಯಾವುದಾದರೂ ಒಂದು ವರ್ಷ ಆಮದಿನ ಮೂರನೇ ಒಂದು ಭಾಗ ಮುಟ್ಟದಿದ್ದರೆ ಸುಂಕ ಪೂರ್ತಿ ರದ್ದು. ನನಗೆ ಇದು ಮೆಚ್ಚುಗೆ, ಯಾಕೆಂದರೆ ಮಗು ಬೆಳೆಯದಿದ್ದರೆ ಏನಾಗುತ್ತದೆ ಎಂದು ಮೊದಲೇ ಹೇಳಿದ್ದಾರೆ. ಉದ್ಯಮ ಬೆಳೆಯಿತು ಕೂಡ. ಆದರೆ ಡಗ್ಲಾಸ್ ಇರ್ವಿನ್ ಎಂಬ ಅರ್ಥಶಾಸ್ತ್ರಜ್ಞರು ನೂರು ವರ್ಷದ ಮೇಲೆ ಲೆಕ್ಕ ಹಾಕಿದಾಗ ಕಂಡದ್ದು, ಅಮೆರಿಕದಲ್ಲಿ ಕಬ್ಬಿಣ-ಉಕ್ಕು ಅಗ್ಗವಾಗುತ್ತಿದ್ದುದರಿಂದ ಸುಂಕ ಇಲ್ಲದಿದ್ದರೂ ಆ ಉದ್ಯಮ ಸುಮಾರು ಹತ್ತು ವರ್ಷ ತಡವಾಗಿ ಹುಟ್ಟುತ್ತಿತ್ತು, ಮತ್ತು ಹತ್ತು ವರ್ಷ ಮುಂಚೆ ಹುಟ್ಟಿಸಿದ ಖರ್ಚು ಅದರ ಲಾಭಕ್ಕಿಂತ ಹೆಚ್ಚು. ಬ್ಯಾಸ್ಟೆಬಲ್ ಷರತ್ತು ಮತ್ತೆ ಸೋತಿತು.

ನಮ್ಮ ಸಕ್ಕರೆಯ ಗಡುವು 1946. ಯುದ್ಧದ ನೆಪದಲ್ಲಿ ಅದು ಮುಂದೆ ಹೋಗಿ 1950ಕ್ಕೆ ಮುಗಿಯಿತು. ಮಾತು ಮುಗಿದ ಮೇಲೆ ಭದ್ರಾ ಅಚ್ಚುಕಟ್ಟಿನ ಬೆಳೆಗಾರರೊಬ್ಬರು ಎದ್ದು, "1950ಕ್ಕೆ ಮುಗಿಯಿತು ಅಂತೀರಿ ಸರ್, ಈಗ ಸಕ್ಕರೆ ಮೇಲೆ ಇರೋ ನೂರು ಪರ್ಸೆಂಟ್ ಯಾವುದು ಮತ್ತೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. 2018ರಲ್ಲಿ ಅದನ್ನು ಶೇ. 50ರಿಂದ 100ಕ್ಕೆ ಏರಿಸಿದ್ದಾರೆ, ಅದೂ ಭಾರತ ಜಗತ್ತಿನ ಅತಿ ದೊಡ್ಡ ಸಕ್ಕರೆ ದೇಶಗಳಲ್ಲಿ ಒಂದಾಗಿ ಹೊರಗೆ ಮಾರುತ್ತಿರುವ ಕಾಲದಲ್ಲಿ. ಇದಕ್ಕೆ ಬೇರು 1934ರಲ್ಲಿದೆ. ಅಬಕಾರಿ ಹಾಕಿದ ವರ್ಷವೇ ಇನ್ನೊಂದು ಕಾಯ್ದೆ ಬಂತು, ಕಾರ್ಖಾನೆ ರೈತನಿಗೆ ಕೊಡಬೇಕಾದ ಕನಿಷ್ಠ ಕಬ್ಬಿನ ಬೆಲೆಯನ್ನು ಪ್ರಾಂತ್ಯಗಳು ನಿಗದಿ ಮಾಡಬಹುದೆಂದು. ಸುಂಕದ ಲಾಭವೆಲ್ಲ ಮಾಲೀಕನ ಪಾಲಾಗುತ್ತಿದೆ, ರೈತನಿಗೂ ಸೇರಲಿ ಎಂಬುದು ಅದರ ಉದ್ದೇಶ, ನ್ಯಾಯವಾದದ್ದೇ. ಆದರೆ ಅಂದಿನಿಂದ ಸುಂಕ ಕಾರ್ಖಾನೆಯ ಕಲಿಕೆಗೆ ಕೊಟ್ಟ ಕಾಲಾವಕಾಶವಾಗಿ ಉಳಿಯಲಿಲ್ಲ, ಕಬ್ಬಿನ ದರಕ್ಕೆ ಆಧಾರವಾಯಿತು. ಇವತ್ತು ಸರ್ಕಾರ ಪ್ರತಿ ವರ್ಷ ಘೋಷಿಸುವ ಎಫ್‌ಆರ್‌ಪಿ ದರವನ್ನು ಕಾರ್ಖಾನೆ ಕೊಡಲೇಬೇಕು. ಹೊರಗಿನ ಅಗ್ಗದ ಸಕ್ಕರೆ ಬಂದ ದಿನ ಅದು ಕೊಡಲಾರದು. ಪ್ಯಾನ್‌ಮ್ಯಾನ್ ಕಲಿತು ಎಷ್ಟೋ ಕಾಲವಾಯಿತು, ಗೋಡೆ ಈಗ ನಿಂತಿರುವುದು ನಿಮ್ಮ ಟನ್ನಿನ ಬೆಲೆಗಾಗಿ ಎಂದೆ. ಅವರು, "ಹಂಗಾದ್ರೆ ಅಡಿಕೆ ಲೆಕ್ಕನೇ ಅನ್ನಿ" ಎಂದು ಕೂತರು.